ಮುಚ್ಚಿದ ಕಣ್ಣಿಗೆ ಇನ್ನೊಂದು ಫ್ರೇಮಿನ ಕಣ್ಣು

(ಛಾಯಾಗ್ರಹಣದ ಆಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಹನ್ನೆರಡು ಜನರ ಗುಂಪುಚಿತ್ರವೊಂದನ್ನು ಮುಂದಿಟ್ಟುಕೊಂಡು ಮಾತು ಆರಂಭಿಸುತ್ತೇನೆ. ಎರಡು ಸಾಲಿನಲ್ಲಿ ನಿಂತವರನ್ನು ಕೆಲವೇ ಸೆಕೆಂಡುಗಳ ಅಂತರದಲ್ಲಿ ಆರು ಸಲ ತೆಗೆದಿದ್ದೇನೆ. ಕ್ಯಾಮೆರಾ ಟ್ರೈಪಾಡ್ ಮೇಲಿತ್ತು, ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತಿತ್ತು, ಫ್ಲಾಶ್ ಬಳಸಿರಲಿಲ್ಲ. ಮೂರನೆಯ ಫ್ರೇಮಿನಲ್ಲಿ ಹನ್ನೊಂದು ಜನರ ಕಣ್ಣುಗಳು ತುಂಬ ಚೆನ್ನಾಗಿ ಬಂದಿವೆ. ಹಿಂದಿನ ಸಾಲಿನ ಒಬ್ಬರು ಮಾತ್ರ ನಗುತ್ತಲೇ ಕಣ್ಣು ಮುಚ್ಚಿದ್ದಾರೆ. ಅವರ ಕಣ್ಣುಗಳನ್ನಷ್ಟೇ ಬೇರೊಂದು ಫ್ರೇಮಿನಿಂದ ತಂದು ಇಲ್ಲಿ ಕೂರಿಸಬೇಕು, ಚಿತ್ರದ ಉಳಿದ ಭಾಗವನ್ನು ಮುಟ್ಟಬಾರದು. ಇಂದಿನ ಮಾತು ಮುಖ್ಯವಾಗಿ ಇದರ ಬಗ್ಗೆಯೇ.

ಒಂದೇ ಫ್ರೇಮಿನಲ್ಲಿ ಎಲ್ಲರ ಕಣ್ಣೂ ತೆರೆದಿರಲೆಂದು ಕಾಯುವುದು ಎಷ್ಟು ಕಷ್ಟವೆಂಬುದನ್ನು ಆಸ್ಟ್ರೇಲಿಯಾದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಲೆಕ್ಕ ಹಾಕಿ ತೋರಿಸಿದ್ದಾರೆ. ಮೊದಲು ನಗಿಸಿ ಬಳಿಕ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಆ ಲೆಕ್ಕಕ್ಕೆ 2006ರಲ್ಲಿ, ಗಣಿತದ ವಿಭಾಗದಲ್ಲಿ ಬಂತು. ಗುಂಪಿನಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನಸಂಖ್ಯೆಯನ್ನು ಮೂರರಿಂದಲೂ ಮಂದ ಬೆಳಕಿನಲ್ಲಿ ಎರಡರಿಂದಲೂ ಭಾಗಿಸಿ, ಬಂದಷ್ಟು ಚಿತ್ರಗಳನ್ನು ತೆಗೆಯಿರಿ ಎಂಬುದು ಅವರ ಸೂತ್ರ. ಮನುಷ್ಯ ನಿಮಿಷಕ್ಕೆ ಹತ್ತು ಸಲ, ಪ್ರತಿ ಸಲ ಕಾಲು ಸೆಕೆಂಡು ರೆಪ್ಪೆ ಮುಚ್ಚುತ್ತಾನೆಂದು ಹಿಡಿದರೆ, ಯಾವುದೇ ಕ್ಷಣದಲ್ಲಿ ಒಬ್ಬರ ಕಣ್ಣು ಮುಚ್ಚಿರುವ ಸಾಧ್ಯತೆ ನೂರಕ್ಕೆ ಸುಮಾರು 4. ಒಬ್ಬರ ಮಟ್ಟಿಗೆ ಇದು ಅಲ್ಪವೆನ್ನಿಸಬಹುದು. ಆದರೆ ಹನ್ನೆರಡು ಜನ ಸೇರಿದಾಗ ಯಾರೂ ಕಣ್ಣು ಮುಚ್ಚದಿರುವ ಸಾಧ್ಯತೆ ನೂರಕ್ಕೆ 60ರ ಆಸುಪಾಸಿಗೆ ಇಳಿಯುತ್ತದೆ, ಐವತ್ತು ಜನ ಸೇರಿದರೆ ಸುಮಾರು 12ಕ್ಕೆ. ಕಣ್ಣು ಬದಲಿಸಲು ಸಿದ್ಧರಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಆಗ ಎಲ್ಲರೂ ಒಂದೇ ಕ್ಷಣದಲ್ಲಿ ಕಣ್ಣು ತೆರೆದಿರಬೇಕಾಗಿಲ್ಲ. ಆರರಲ್ಲಿ ಯಾವುದಾದರೂ ಒಂದು ಫ್ರೇಮಿನಲ್ಲಿ ಪ್ರತಿಯೊಬ್ಬರೂ ಸರಿಯಾಗಿದ್ದರೆ ಸಾಕು.

ಆದರೆ "ಸರಿಯಾಗಿ" ಎಂದರೆ ಏನು? ನಾನು ಎಡವಿದ್ದು ಅಲ್ಲಿಯೇ. ವರ್ಷಗಳ ಹಿಂದೆ ಇಂಥದೇ ಒಂದು ಚಿತ್ರದಲ್ಲಿ, ನಗುತ್ತಾ ಕಣ್ಣು ಮುಚ್ಚಿದ್ದ ಯುವಕನಿಗೆ ಬೇರೊಂದು ಫ್ರೇಮಿನಿಂದ ಚೆನ್ನಾಗಿ ಅರಳಿದ್ದ ಎರಡು ಕಣ್ಣುಗಳನ್ನು ಆರಿಸಿ, ರೆಪ್ಪೆಯ ಅಂಚಿನಲ್ಲೇ ಕತ್ತರಿಸಿ, ಅಂಟಿಸಿ ಕೊಟ್ಟೆ. ಎಲ್ಲಿಯೂ ಗೆರೆ ಕಾಣಿಸುತ್ತಿರಲಿಲ್ಲ, ಬಣ್ಣವೂ ಹೊಂದಿಕೊಂಡಿತ್ತು. ಅವನ ತಾಯಿ ಚಿತ್ರವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿ, "ನಮ್ಮ ಹುಡುಗ ನಕ್ಕರೆ ಹೀಗೆ ಕಾಣುವುದಿಲ್ಲವಲ್ಲ" ಎಂದರು. ಕಣ್ಣು ಅವನದೇ, ಬಾಯಿಯೂ ಅವನದೇ, ಆದರೆ ಎರಡೂ ಸೇರಿ ಆದ ಮುಖ ಅವನದಾಗಿರಲಿಲ್ಲ.

ಇದಕ್ಕೆ ಕಾರಣ ಮುಖದ ಸ್ನಾಯುಗಳಲ್ಲಿದೆ. ಕಣ್ಣಿನ ಸುತ್ತ ಉಂಗುರದಂತೆ ಹಬ್ಬಿರುವ ಸ್ನಾಯುವೊಂದಿದೆ. ಮನಃಪೂರ್ವಕವಾಗಿ ನಕ್ಕಾಗ ಬಾಯಿಯ ಮೂಲೆಗಳು ಮೇಲಕ್ಕೆ ಹೋಗುವುದರ ಜೊತೆಗೆ ಈ ಉಂಗುರವೂ ಬಿಗಿಯುತ್ತದೆ: ಕೆನ್ನೆ ಮೇಲೇರಿ ಕೆಳರೆಪ್ಪೆಯನ್ನು ಒತ್ತುತ್ತದೆ, ಕಣ್ಣು ಕಿರಿದಾಗುತ್ತದೆ, ಹೊರಮೂಲೆಯಲ್ಲಿ ಸಣ್ಣ ನೆರಿಗೆಗಳು ಮೂಡುತ್ತವೆ. ಬಾಯಿಯ ನಗುವನ್ನು ಇಚ್ಛೆಯಿಂದ ತರಬಹುದು, ಆದರೆ ಕಣ್ಣಿನ ಸುತ್ತಲಿನ ಈ ಸ್ನಾಯು ನಮ್ಮ ಇಚ್ಛೆಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ ಎಂಬುದನ್ನು ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲಿಯೇ ಬರೆದಿಟ್ಟಿದ್ದ. ನಗುವ ಬಾಯಿಯ ಮೇಲೆ ನಗದ ಕಣ್ಣನ್ನು ಕೂರಿಸಿದರೆ ಬಲವಂತದ ನಗೆ ಕಾಣಿಸುತ್ತದೆ. ನೋಡುವವರಿಗೆ ಈ ಅಂಗರಚನೆ ಗೊತ್ತಿರಬೇಕಾಗಿಲ್ಲ. ಮುಖ ಓದುವುದನ್ನು ನಾವೆಲ್ಲ ತೊಟ್ಟಿಲಿನಲ್ಲೇ ಕಲಿತಿರುತ್ತೇವೆ.

ಆದ್ದರಿಂದ ಕೆಲಸಕ್ಕೆ ಕೂತಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಕಣ್ಣು ಏಕೆ ಮುಚ್ಚಿದೆ ಎಂಬ ಪ್ರಶ್ನೆಯನ್ನು. ಅದು ಬರಿಯ ಮಿಟುಕಾಗಿದ್ದರೆ ಮೇಲ್ರೆಪ್ಪೆ ಮಾತ್ರ ಪರದೆಯಂತೆ ಇಳಿದಿರುತ್ತದೆ. ಹುಬ್ಬು, ಕೆನ್ನೆ, ಹೊರಮೂಲೆ ಬಹುಮಟ್ಟಿಗೆ ಹಾಗೆಯೇ ಇರುತ್ತವೆ. ಆಗ ಹುಬ್ಬಿನ ಕೆಳಗಿನ ಮಡಿಕೆಯಿಂದ ಕೆಳರೆಪ್ಪೆಯ ಕೆಳಗಿನ ಉಬ್ಬಿನವರೆಗಿನ ಸಣ್ಣ ತುಂಡು ಸಾಕು. ಕಣ್ಣು ನಗುವಿನಿಂದಲೋ ಬಿಸಿಲಿನಿಂದಲೋ ಬಿಗಿಯಾಗಿ ಮುಚ್ಚಿದ್ದರೆ ಹುಬ್ಬು ಕೆಳಗಿಳಿದಿರುತ್ತದೆ, ಕೆನ್ನೆ ಮೇಲೆದ್ದಿರುತ್ತದೆ. ಆಗ ಹುಬ್ಬಿನ ಮೇಲಿನ ಹಣೆಯಿಂದ ಕೆನ್ನೆಯ ಮೇಲ್ಭಾಗದವರೆಗೆ ಎಲ್ಲವೂ ಒಟ್ಟಿಗೆ ಬರಬೇಕು. ತುಂಡಿನ ಗಡಿ ಎಲ್ಲಿರಬೇಕೆಂಬುದನ್ನು ನಿರ್ಧರಿಸುವುದು ಸ್ನಾಯು. ರೆಪ್ಪೆಯ ಅಂಚಿಗೂ ಆ ಗಡಿಗೂ ಸಂಬಂಧವಿಲ್ಲ.

ಈಗ ನಮ್ಮ ಆರು ಫ್ರೇಮುಗಳಿಗೆ ಬರೋಣ. ಮೂರನೆಯದರಲ್ಲಿ ಆತ ಗಟ್ಟಿಯಾಗಿ ನಗುತ್ತಿದ್ದಾರೆ, ಕಣ್ಣು ಬಿಗಿದಿದೆ. ಮೊದಲನೆಯದರಲ್ಲಿ ಕಣ್ಣು ಅಗಲವಾಗಿ ತೆರೆದಿದೆ, ಬಾಯಿ ಮುಚ್ಚಿದೆ. ಯಾರೋ ತಮಾಷೆ ಮಾಡುವುದಕ್ಕೆ ಮುಂಚಿನ ಮುಖ ಅದು. ಎರಡನೆಯದರಲ್ಲಿ ಪಕ್ಕದವರತ್ತ ನೋಡುತ್ತಿದ್ದಾರೆ. ನಾಲ್ಕನೆಯದರಲ್ಲಿ ನಗು ಮುಂದುವರಿದಿದೆ, ಕಣ್ಣು ಕಿರಿದಾಗಿದ್ದರೂ ತೆರೆದಿದೆ, ಆದರೆ ತಲೆ ಬಲಭುಜದ ಕಡೆಗೆ ಸುಮಾರು ಮೂರು ಡಿಗ್ರಿ ವಾಲಿದೆ. ಐದನೆಯದರಲ್ಲಿ ನಗು ಇನ್ನೂ ಚೆನ್ನಾಗಿದೆ, ಆದರೆ ಮುಖ ಕಿಟಕಿಯ ಕಡೆಗೆ ತಿರುಗಿದೆ. ಆರನೆಯದರಲ್ಲಿ ನಗು ಇಳಿಯುತ್ತಿದೆ, ಕಣ್ಣು ನೇರವಾಗಿದೆ.

ಹೊಸಬರು ಮೊದಲನೆಯ ಫ್ರೇಮನ್ನು ಆರಿಸುತ್ತಾರೆ. ಸ್ವಲ್ಪ ಅನುಭವವಿರುವವರಿಗೆ ಐದನೆಯದರ ಮೇಲೆ ಆಸೆಯಾಗುತ್ತದೆ. ನಾನು ಆರಿಸಿದ್ದು ನಾಲ್ಕನೆಯದನ್ನು. ವಾಲಿದ ತಲೆಯನ್ನು ಸರಿಪಡಿಸಬಹುದು, ತಿರುಗಿದ ತಲೆಯನ್ನು ಸರಿಪಡಿಸಲಾಗದು. ವಾಲುವಿಕೆ ಚಿತ್ರದ ಸಮತಲದಲ್ಲೇ ನಡೆಯುವುದರಿಂದ ತುಂಡನ್ನು ಅಷ್ಟೇ ಕೋನ ಹಿಂದಕ್ಕೆ ತಿರುಗಿಸಿದರೆ ಅದು ಹೊಂದುತ್ತದೆ. ಮುಖವೇ ಪಕ್ಕಕ್ಕೆ ತಿರುಗಿದಾಗ ಹಾಗಾಗುವುದಿಲ್ಲ: ದೂರದ ಕಣ್ಣು ಕಿರಿದಾಗುತ್ತದೆ, ಮೂಗಿನ ಸೇತುವೆ ಅದರ ಒಳಮೂಲೆಯನ್ನು ಮರೆಮಾಡತೊಡಗುತ್ತದೆ, ಹತ್ತಿರದ ಕಣ್ಣಿನ ಹೊರಗೆ ಹಣೆಯ ಪಕ್ಕದ ಭಾಗ ಹೆಚ್ಚು ಕಾಣಿಸುತ್ತದೆ. ಒಂದು ಫ್ರೇಮಿನಲ್ಲಿ ಇಲ್ಲದ ಚರ್ಮವನ್ನು ಎಳೆದು ತರಲಾಗದು. ಎರಡು ಫ್ರೇಮುಗಳ ನಡುವೆ ತಲೆ ತಿರುಗಿದೆಯೇ ಎಂದು ತಿಳಿಯಲು ಮೂಗಿನ ತುದಿಯಿಂದ ಎರಡೂ ಕೆನ್ನೆಗಳ ಅಂಚಿಗಿರುವ ದೂರವನ್ನು ಅಳೆಯಿರಿ, ಕಿವಿಗಳು ಎಷ್ಟೆಷ್ಟು ಕಾಣುತ್ತಿವೆ ಎಂದು ನೋಡಿ. ಆ ಪ್ರಮಾಣ ಎರಡರಲ್ಲೂ ಒಂದೇ ಇದ್ದರೆ ಮುಂದುವರಿಯಬಹುದು.

ಇನ್ನೊಂದು ಪರೀಕ್ಷೆ ನೋಟದ್ದು. ಆಲಿಯ ಎರಡೂ ಬದಿಯ ಬಿಳಿಭಾಗದ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಆತ ಯಾರನ್ನು ನೋಡುತ್ತಿದ್ದಾನೆಂಬುದು ಬದಲಾಗುತ್ತದೆ. ಹನ್ನೊಂದು ಜನ ಕ್ಯಾಮೆರಾ ನೋಡುತ್ತಿರುವಾಗ ಒಬ್ಬ ಮಾತ್ರ ಕ್ಯಾಮೆರಾದ ಪಕ್ಕದಲ್ಲಿ ನಿಂತ ನನ್ನನ್ನು ನೋಡುತ್ತಿದ್ದರೆ, ನೋಡುಗರ ಗಮನ ನೇರವಾಗಿ ಅವನ ಮೇಲೆ ಹೋಗುತ್ತದೆ. ನೋಟ ತಪ್ಪಿದ ಫ್ರೇಮನ್ನು ಕೈಬಿಡುವುದೇ ಸರಿ. ಹಾಗೆಯೇ ಒಂದೇ ಕಣ್ಣು ಮುಚ್ಚಿದ್ದರೂ ಎರಡನ್ನೂ ಒಂದೇ ಫ್ರೇಮಿನಿಂದ ತರುತ್ತೇನೆ, ಏಕೆಂದರೆ ಎರಡು ಫ್ರೇಮುಗಳ ಒಂದೊಂದು ಕಣ್ಣು ಒಂದೇ ಬಿಂದುವನ್ನು ನೋಡುತ್ತಿರುವುದು ಅಪರೂಪ.

ಇನ್ನು ಫೋಟೋಶಾಪ್‌ನಲ್ಲಿ ಮಾಡುವ ಕೈಕೆಲಸ. ಎರಡೂ ಫ್ರೇಮುಗಳನ್ನು ಒಂದೇ ಸೆಟ್ಟಿಂಗಿನಲ್ಲಿ ರಾ ಕಡತದಿಂದ ಹೊರತೆಗೆದು, ಮೂರನೆಯದನ್ನು ಕೆಳಗಿನ ಪದರವಾಗಿಟ್ಟು ಅದಕ್ಕೆ ಬೀಗ ಹಾಕುತ್ತೇನೆ. ನಾಲ್ಕನೆಯದರಿಂದ ಆತನ ಮುಖವನ್ನು ಧಾರಾಳವಾಗಿ, ಹಣೆಯಿಂದ ಗದ್ದದವರೆಗೆ, ಆಯ್ದು ಮೇಲಿನ ಪದರವಾಗಿ ತರುತ್ತೇನೆ. ಈ ಚಿತ್ರದಲ್ಲಿ ಮುಖದ ಅಗಲ ಸುಮಾರು 280 ಪಿಕ್ಸೆಲ್. ಮೇಲಿನ ಪದರದ ಅಪಾರದರ್ಶಕತೆಯನ್ನು ಅರ್ಧಕ್ಕಿಳಿಸಿದರೆ ಎರಡೂ ಮುಖಗಳು ಒಂದರ ಮೇಲೊಂದು ತೇಲುತ್ತವೆ.

ಹೊಂದಿಸಲು ಪಾಪೆಯನ್ನು ಗುರುತಾಗಿ ಹಿಡಿಯಬಾರದು. ನೋಟ ಬದಲಾದಂತೆ ಪಾಪೆ ಸರಿಯುತ್ತದೆ. ಸಾಲದೆಂಬಂತೆ ಕೆಳಗಿನ ಪದರದಲ್ಲಿ ಕಣ್ಣೇ ಮುಚ್ಚಿದೆ. ಹುಬ್ಬು ಮತ್ತು ಕಣ್ಣಿನ ಹೊರಮೂಲೆ ಕೂಡ ಭಾವದೊಡನೆ ಚಲಿಸುತ್ತವೆ. ಹೆಚ್ಚು ನಂಬಬಹುದಾದದ್ದು ಕಣ್ಣಿನ ಒಳಮೂಲೆ, ಏಕೆಂದರೆ ಅಲ್ಲಿ ರೆಪ್ಪೆಗಳು ಗಟ್ಟಿ ತಂತುವೊಂದರಿಂದ ಮೂಗಿನ ಪಕ್ಕದ ಮೂಳೆಗೆ ಬಿಗಿದುಕೊಂಡಿವೆ. ಎರಡು ಒಳಮೂಲೆಗಳು ಮತ್ತು ಮೂಗಿನ ಸೇತುವೆ, ಈ ಮೂರೂ ಕೂಡಿಬಂದರೆ ತಲೆಬುರುಡೆ ತಲೆಬುರುಡೆಯ ಮೇಲೆ ಕೂತಿತೆಂದೇ ಅರ್ಥ. `Ctrl+T` ಒತ್ತಿ, ಮೊದಲು ಸರಿಸಿ, ಬಳಿಕ ಮೂರು ಡಿಗ್ರಿ ತಿರುಗಿಸಿ, ಬೇಕಿದ್ದರೆ ಮಾತ್ರ ಅಳತೆ ಬದಲಿಸುತ್ತೇನೆ. ಅಳತೆಯನ್ನು ನೂರಕ್ಕೆ ಎರಡಕ್ಕಿಂತ ಹೆಚ್ಚು ಬದಲಿಸಬೇಕಾಗಿ ಬಂದರೆ ಆ ವ್ಯಕ್ತಿ ಮುಂದಕ್ಕೋ ಹಿಂದಕ್ಕೋ ಬಾಗಿದ್ದಾನೆಂದು ಅನುಮಾನಪಟ್ಟು ಮತ್ತೊಮ್ಮೆ ಫ್ರೇಮುಗಳ ಕಡೆಗೆ ಹೋಗುತ್ತೇನೆ. ಪದರದ ಬೆರಕೆಯ ವಿಧಾನವನ್ನು `Difference` ಮಾಡಿದರೆ ಎರಡೂ ಪದರಗಳು ಒಂದೇ ಇರುವ ಕಡೆ ಕಪ್ಪಾಗುತ್ತದೆ. ಮೂಗಿನ ಸೇತುವೆ ಕಪ್ಪಾಗಿ, ಕಣ್ಣು ಮಾತ್ರ ಹೊಳೆಯುತ್ತಿದ್ದರೆ ಹೊಂದಾಣಿಕೆ ಸರಿಯಾಗಿದೆ.

ಇಲ್ಲಿ ಸಣ್ಣದೊಂದು ಎಚ್ಚರಿಕೆ. ತಿರುಗಿಸುವುದನ್ನೂ ಅಳತೆ ಬದಲಿಸುವುದನ್ನೂ ಒಂದೇ ಸಲ ಮುಗಿಸಬೇಕು. ಪ್ರತಿ ಸಲ ತಿರುಗಿಸಿದಾಗಲೂ ತಂತ್ರಾಂಶ ಅಕ್ಕಪಕ್ಕದ ಪಿಕ್ಸೆಲ್‌ಗಳ ಬೆಲೆಗಳನ್ನು ಬೆರೆಸಿ ಹೊಸದನ್ನು ಕಟ್ಟುವುದರಿಂದ ಚರ್ಮದ ಸೂಕ್ಷ್ಮ ರೇಣು ನುಣುಪಾಗುತ್ತದೆ. ನಾಲ್ಕು ಸಲ ತಿರುಗಿಸಿ ನೋಡಿದರೆ ಸುತ್ತಲಿನ ಮುಖದಲ್ಲಿ ಮರಳಿನಂಥ ಕಣಗಳಿದ್ದು ಕಣ್ಣಿನ ಭಾಗ ಮಾತ್ರ ಮೇಣ ಸವರಿದಂತೆ ಕಾಣಿಸುತ್ತದೆ. ಸ್ಮಾರ್ಟ್ ಆಬ್ಜೆಕ್ಟ್ ಆಗಿ ಮಾಡಿಕೊಂಡರೆ ಎಷ್ಟು ಸಲ ತಿದ್ದಿದರೂ ಲೆಕ್ಕ ಮೂಲ ಪಿಕ್ಸೆಲ್‌ಗಳಿಂದಲೇ ನಡೆಯುತ್ತದೆ. ಇಷ್ಟಾದರೂ ನುಣುಪು ಉಳಿದರೆ ಆ ತುಂಡಿಗೆ ಮಾತ್ರ ಅತಿ ಸ್ವಲ್ಪ ನಾಯ್ಸ್ ಸೇರಿಸಬೇಕಾಗುತ್ತದೆ.

ಪದರದ ಯಾವ ಭಾಗ ಕಾಣಬೇಕೆಂದು ನಿರ್ಧರಿಸುವ ಮಾಸ್ಕ್ ಹಾಕುವಾಗ ಮೊದಲು ಇಡೀ ಮೇಲ್ಪದರವನ್ನು ಮರೆಮಾಡಿ, ಬಳಿಕ ಮೆತ್ತನೆಯ ಬಿಳಿ ಬ್ರಷ್‌ನಿಂದ ಬೇಕಾದಷ್ಟನ್ನೇ ತೆರೆಯುತ್ತೇನೆ. ನಗುವಿನ ಮುಖವಾದ್ದರಿಂದ ಗಡಿ ಹುಬ್ಬಿನ ಮೇಲೆ, ಬರಿ ಹಣೆಯಲ್ಲಿ ಹೋಗುತ್ತದೆ. ಹುಬ್ಬಿನ ಕೂದಲನ್ನು ಅಡ್ಡ ಕತ್ತರಿಸಬಾರದು. ಪಕ್ಕದಲ್ಲಿ ಹೊರಮೂಲೆಯ ನೆರಿಗೆಗಳೆಲ್ಲ ಮುಗಿದ ಮೇಲೆ, ಆದರೆ ಹಣೆಯ ಪಕ್ಕದ ಕೂದಲಿಗಿಂತ ಮುಂಚೆ ಗಡಿ ತಿರುಗುತ್ತದೆ. ಕೆಳಗೆ ಕೆನ್ನೆಯ ಉಬ್ಬಿನ ಮೇಲೆ ಬೆಳಕು ಸಮನಾಗಿ ಬಿದ್ದ ಕಡೆ ಸಾಗಿ, ಮೂಗಿನ ಸೇತುವೆಯ ಮೇಲೆ ಎರಡೂ ಬದಿ ಕೂಡುತ್ತದೆ. ಅಂಚು ಎಷ್ಟು ಮೆತ್ತಗಿರಬೇಕೆಂದು ಬಹಳ ಜನ ಕೇಳುತ್ತಾರೆ. ಈ ಅಳತೆಯ ಮುಖಕ್ಕೆ ಬರಿ ಚರ್ಮದ ಮೇಲೆ ಹತ್ತು ಹದಿನೈದು ಪಿಕ್ಸೆಲ್ ಅಗಲದ ಕರಗುವಿಕೆ ಸರಿಯಾಗುತ್ತದೆ. ಆದರೆ ಗಡಿ ಅನಿವಾರ್ಯವಾಗಿ ಒಂದು ನೆರಿಗೆಯನ್ನೋ ಮಡಿಕೆಯನ್ನೋ ದಾಟಬೇಕಾದ ಕಡೆ ಅಷ್ಟು ಅಗಲ ಬಿಟ್ಟರೆ ಎರಡು ಫ್ರೇಮುಗಳ ಎರಡು ನೆರಿಗೆಗಳು ಒಟ್ಟಿಗೆ ಕಾಣಿಸಿಕೊಂಡು ಒಂದೇ ಕಣ್ಣಿಗೆ ಎರಡು ರೆಪ್ಪೆ ಇದ್ದಂತಾಗುತ್ತದೆ. ಅಂಥಲ್ಲಿ ಬ್ರಷ್ ಸಣ್ಣದಾಗಬೇಕು, ಅಂಚು ಎರಡು ಮೂರು ಪಿಕ್ಸೆಲ್‌ಗೆ ಬಿಗಿಯಾಗಬೇಕು.

ಬೆಳಕಿನ ವಿಷಯ ಬೇಗ ಮುಗಿಯುತ್ತದೆ. ನಾಲ್ಕನೆಯ ಫ್ರೇಮಿನ ವೇಳೆಗೆ ಕಿಟಕಿಯ ಹೊರಗೆ ಮೋಡ ಸರಿದಿತ್ತು. ಮೂಗಿನ ಸೇತುವೆಯ ಮೇಲೆ ಒಂದೇ ಜಾಗದಲ್ಲಿ ಕೆಂಪಿನ ಬೆಲೆ ಒಂದರಲ್ಲಿ 172, ಇನ್ನೊಂದರಲ್ಲಿ 166 ಇತ್ತು. ಮೇಲಿನ ಪದರಕ್ಕೆ ಮಾತ್ರ ಅಂಟಿಸಿದ, ಬೆಳಕು ಮತ್ತು ಬಣ್ಣವನ್ನು ತಿದ್ದುವ `Curves`ನಿಂದ ಅದನ್ನು ಸಮ ಮಾಡಿದೆ. ಇದನ್ನು ಚರ್ಮ ನೋಡಿ ಮಾಡಬೇಕು, ಕಣ್ಣಿನ ಬಿಳಿಭಾಗ ನೋಡಿ ಅಲ್ಲ. ಬಿಳಿಭಾಗ ನಿಜದಲ್ಲಿ ಬೂದು, ಮೇಲ್ರೆಪ್ಪೆಯ ನೆರಳು ಅದರ ಮೇಲೆ ಸದಾ ಇರುತ್ತದೆ. ಅದನ್ನು ಬೆಳಗಿಸಿದರೆ ಗೊಂಬೆಯ ಕಣ್ಣಾಗುತ್ತದೆ. ಆಲಿಯ ಮೇಲಿನ ಬೆಳಕಿನ ಚುಕ್ಕೆ ಅಕ್ಕಪಕ್ಕದವರ ಕಣ್ಣಿನಲ್ಲಿ ಯಾವ ಕಡೆ ಇದೆಯೋ ಅದೇ ಕಡೆ ಇರಬೇಕು. ಒಂದೇ ಕಿಟಕಿ, ಒಂದೇ ಸ್ಥಾನವಾಗಿದ್ದರೆ ಅದು ತಾನಾಗಿಯೇ ಸರಿಯಿರುತ್ತದೆ, ಬೇರೆ ದಿನದ ಚಿತ್ರದಿಂದ ಕಣ್ಣು ತಂದವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲಿ.

ಕನ್ನಡಕ ಹಾಕಿದವರ ಕಣ್ಣನ್ನು ಬಿಡಿಯಾಗಿ ತರುವ ಪ್ರಯತ್ನವನ್ನು ನಾನು ಬಿಟ್ಟಿದ್ದೇನೆ. ಗಾಜಿನ ಹಿಂದಿನ ಕೆನ್ನೆಯ ಅಂಚು ವಕ್ರೀಭವನದಿಂದ ಒಳಕ್ಕೋ ಹೊರಕ್ಕೋ ಸರಿದಿರುತ್ತದೆ, ಗಾಜಿನ ಮೇಲಿನ ಪ್ರತಿಬಿಂಬ ತಲೆ ಸ್ವಲ್ಪ ಅಲುಗಿದರೂ ಬದಲಾಗುತ್ತದೆ. ತರುವುದಾದರೆ ಕನ್ನಡಕದ ಚೌಕಟ್ಟು, ಅದರ ಕಡ್ಡಿ, ಮೂಗಿನ ಮೇಲಿನ ಅದರ ನೆರಳು ಎಲ್ಲವನ್ನೂ ಸೇರಿಸಿಯೇ ತರಬೇಕು.

ಬಾಯಿಯ ಕಥೆ ಬೇರೆ. ಇದೇ ಚಿತ್ರದ ಮುಂದಿನ ಸಾಲಿನಲ್ಲಿ ಹಿರಿಯ ಮಹಿಳೆಯೊಬ್ಬರು ಮೂರನೆಯ ಫ್ರೇಮಿನಲ್ಲಿ ಏನೋ ಹೇಳುತ್ತಿದ್ದರು. ತುಟಿ ಅರ್ಧ ತೆರೆದು ಒಂದು ಬದಿಗೆ ಎಳೆದುಕೊಂಡಿತ್ತು. ನಾಲ್ಕನೆಯದರಲ್ಲಿ ಅವರ ನಗು ಸೊಗಸಾಗಿತ್ತು. ತುಟಿಗಳನ್ನಷ್ಟೇ ತಂದು ಕೂರಿಸಿ ನೋಡಿದೆ, ಮುಖವಾಡದ ಮೇಲೆ ಬರೆದ ಬಾಯಿಯಂತೆ ಕಂಡಿತು. ಕಣ್ಣಿಗೆ ಒಳಮೂಲೆಯಂಥ ಗಟ್ಟಿ ಆಧಾರವಿದೆ. ಬಾಯಿಯ ಮೂಲೆಗಳಿಗೆ ಮೂಳೆಯ ಆಸರೆಯೇ ಇಲ್ಲ, ಅವು ಸ್ನಾಯುಗಳ ನಡುವೆ ತೂಗಾಡುತ್ತಿರುತ್ತವೆ. ನಕ್ಕಾಗ ಮೂಗಿನ ಪಕ್ಕದಿಂದ ಬಾಯಿಯ ಮೂಲೆಯವರೆಗೆ ಇಳಿಯುವ ಮಡಿಕೆ ಆಳವಾಗುತ್ತದೆ, ಮೂಗಿನ ಹೊಳ್ಳೆಗಳು ಅಗಲವಾಗುತ್ತವೆ, ಕೆನ್ನೆಗಳು ಗುಂಡಗಾಗಿ ಮೇಲೇಳುತ್ತವೆ. ನಂಬಬಹುದಾದ ಗುರುತು ಮೇಲ್ದವಡೆಯ ಹಲ್ಲುಗಳು ಮಾತ್ರ, ಏಕೆಂದರೆ ಅವು ತಲೆಬುರುಡೆಗೇ ಸೇರಿವೆ. ಅವು ಎರಡೂ ಫ್ರೇಮಿನಲ್ಲಿ ಕಾಣುತ್ತಿದ್ದರೆ ಅದೃಷ್ಟ. ಇಲ್ಲದಿದ್ದರೆ ಮೂಗಿನ ಸೇತುವೆಯನ್ನೇ ನೆಚ್ಚಬೇಕು.

ಕೆಳದವಡೆಯದು ಇನ್ನೂ ದೊಡ್ಡ ತೊಡಕು. ಬಾಯಿ ತೆರೆದಾಗ ದವಡೆ ಕೆಳಗಿಳಿದು ಮುಖವೇ ಉದ್ದವಾಗುತ್ತದೆ. ಮೂರನೆಯ ಫ್ರೇಮಿನಲ್ಲಿ ಅವರ ಗದ್ದ ನಾಲ್ಕನೆಯದರಲ್ಲಿದ್ದುದಕ್ಕಿಂತ ಹನ್ನೊಂದು ಪಿಕ್ಸೆಲ್ ಕೆಳಗಿತ್ತು. ಹೊಸ ಬಾಯಿ, ಹೊಸ ಗದ್ದ ಕೂರಿಸಿದ ಮೇಲೂ ಹಳೆಯ ಗದ್ದದ ಅಂಚು ಅದರ ಕೆಳಗೆ ಇಣುಕುತ್ತಿತ್ತು. ಅದನ್ನು ಮುಚ್ಚಲು ನಾಲ್ಕನೆಯ ಫ್ರೇಮಿನ ಕತ್ತು, ಕತ್ತಿನ ಮೇಲಿನ ಗದ್ದದ ನೆರಳು ಕೂಡ ಬೇಕಾಯಿತು. ಮಾಸ್ಕ್ ಉಡುಪಿನ ಕೊರಳಪಟ್ಟಿಯವರೆಗೆ ಇಳಿಯಿತು. ಮೇಲುಗಡೆ ಎದ್ದ ಕೆನ್ನೆಗಾಗಿ ಅದು ಕೆಳರೆಪ್ಪೆಯ ಹತ್ತಿರದವರೆಗೆ ಏರಿತು. ಕೊನೆಗೆ ಹಳೆಯ ಮುಖದಲ್ಲಿ ಉಳಿದದ್ದು ಕಣ್ಣು ಮತ್ತು ಹಣೆ ಮಾತ್ರ. ಆ ಕಣ್ಣುಗಳಲ್ಲಿಯೋ ನಗುವಿರಲಿಲ್ಲ. ಆದ್ದರಿಂದ ಅವರ ಮಟ್ಟಿಗೆ ಬಾಯಿ ಬದಲಿಸುವ ಯೋಚನೆ ಬಿಟ್ಟು, ಕೊರಳಪಟ್ಟಿಯಿಂದ ಮೇಲಿನ ತಲೆಯನ್ನೇ ನಾಲ್ಕನೆಯ ಫ್ರೇಮಿನಿಂದ ತಂದೆ. ಬಾಯಿಯನ್ನು ಮಾತ್ರ ಬದಲಿಸಬಹುದಾದ ಸಂದರ್ಭ ಇಲ್ಲವೆಂದಲ್ಲ: ಎರಡೂ ಫ್ರೇಮುಗಳಲ್ಲಿ ದವಡೆ ಮುಚ್ಚಿದ್ದು, ಒಂದರಲ್ಲಿ ನಾಲಿಗೆಯ ತುದಿ ಹೊರಗಿತ್ತು ಅಥವಾ ತುಟಿ ಕಚ್ಚಿಕೊಂಡಿತ್ತು ಎನ್ನುವಂಥ ಸಣ್ಣ ದೋಷಗಳಿಗೆ ಅದು ಒಪ್ಪುತ್ತದೆ.

ಎಲ್ಲ ಮುಗಿದ ಮೇಲೆ ನೋಡುವ ಕಣ್ಣು ದಣಿದಿರುತ್ತದೆ, ತಾನು ಮಾಡಿದ್ದನ್ನು ಅದು ಒಪ್ಪಿಕೊಂಡುಬಿಟ್ಟಿರುತ್ತದೆ. ಚಿತ್ರವನ್ನು ಎಡಬಲ ತಿರುವಿ ನೋಡಿದರೆ ಅದು ಮತ್ತೆ ಅಪರಿಚಿತವಾಗುತ್ತದೆ. ಮೇಲೊಂದು ಕಡಿದಾದ ತಾತ್ಕಾಲಿಕ `Curves` ಹಾಕಿ ಬೆಳಕು ನೆರಳಿನ ಅಂತರವನ್ನು ಅತಿಯಾಗಿ ಹೆಚ್ಚಿಸಿದರೆ, ಸಹಜ ನೋಟಕ್ಕೆ ಕಾಣದ ಗಡಿ ಭೂಪಟದ ಎಲ್ಲೆಯಂತೆ ಎದ್ದು ನಿಲ್ಲುತ್ತದೆ. ಆಮೇಲೆ ಚಿತ್ರವನ್ನು ಹಿಗ್ಗಿಸುವ ಬದಲು ಕುಗ್ಗಿಸಿ, ಅಂಗೈಯಗಲ ಮಾಡಿ ನೋಡಬೇಕು. ಗೆರೆಯ ತಪ್ಪು ದೊಡ್ಡದು ಮಾಡಿದಾಗ ಕಾಣುತ್ತದೆ. ಭಾವದ ತಪ್ಪು ಚಿಕ್ಕದು ಮಾಡಿದಾಗ ಕಾಣುತ್ತದೆ. ಆ ತಾಯಿ ಕಂಡದ್ದು ಅಂಗೈಯಗಲದ ಚಿತ್ರದಲ್ಲೇ.

ಸುದ್ದಿಚಿತ್ರಕ್ಕೂ ಸಾಕ್ಷ್ಯವಾಗಿ ಬಳಸುವ ಚಿತ್ರಕ್ಕೂ ಈ ಕೆಲಸ ಸಲ್ಲದು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲವೆಂದುಕೊಳ್ಳುತ್ತೇನೆ; ಎರಡು ಕ್ಷಣಗಳನ್ನು ಒಂದೆಂದು ತೋರಿಸುವ ಚಿತ್ರ ಅದು.

ಕೊನೆಯ ಪರೀಕ್ಷೆ, ಉಳಿದದ್ದನ್ನು ನಿಜವಾಗಿಯೂ ಮುಟ್ಟಿಲ್ಲವೇ ಎಂಬುದು. ಮುಗಿದ ಚಿತ್ರದ ಮೇಲೆ ಮೂಲ ಮೂರನೆಯ ಫ್ರೇಮನ್ನೇ `Difference` ವಿಧಾನದಲ್ಲಿ ಇಡುತ್ತೇನೆ. ಇದನ್ನು ಜೆಪೆಗ್ ಆಗಿ ಉಳಿಸುವ ಮುಂಚೆಯೇ ಮಾಡಬೇಕು, ಏಕೆಂದರೆ ಸಂಕೋಚನದ ಬಳಿಕ ಇಡೀ ಚಿತ್ರವೇ ಅಲ್ಪಸ್ವಲ್ಪ ಬದಲಾಗಿ ಎಲ್ಲೆಡೆ ಬೂದು ಪುಡಿ ಚೆಲ್ಲಿದಂತಾಗುತ್ತದೆ. ಈ ಚಿತ್ರದಲ್ಲಿ ಪರದೆಯೆಲ್ಲ ಕಪ್ಪಾಗಿ, ಮುಂದಿನ ಸಾಲಿನಲ್ಲಿ ಒಂದು ತಲೆಯ ಆಕಾರವೂ ಹಿಂದಿನ ಸಾಲಿನಲ್ಲಿ ಕಣ್ಣಿಗೆ ಕಟ್ಟುವ ಪಟ್ಟಿಯಂಥ ಒಂದು ಆಕಾರವೂ ಉಳಿದವು. ಅವುಗಳಿಂದ ದೂರದಲ್ಲಿ, ಆತನ ಪಕ್ಕದಲ್ಲಿ ನಿಂತವರ ಕಿವಿಯ ಮೇಲೆ, ಮಸುಕಾದ ಒಂದು ಚುಕ್ಕೆಯೂ ಇತ್ತು. ಮಾಸ್ಕ್ ಬಣ್ಣಿಸುವಾಗ ಬ್ರಷ್ ಒಮ್ಮೆ ಜಾರಿತ್ತು. ಅದನ್ನು ಕಪ್ಪು ಬಣ್ಣದಿಂದ ಒರೆಸಿ ಕಡತವನ್ನು ಮುಚ್ಚಿದೆ.